“ಸೇಲ್ಸ್ ಪ್ರೆಡಿಕ್ಟ್ ಮಾಡಿಕೊಡಿ” ಅಂದರೆ ಏನು ಮಾಡಿಕೊಡಬೇಕು?

ದಾವಣಗೆರೆಯ ಒಂದು ರವೆ–ಮೈದಾ ಹೋಲ್‌ಸೇಲ್ ಅಂಗಡಿಯಿಂದ ವಾಟ್ಸಾಪ್‌ನಲ್ಲಿ ಒಂದು ಎಕ್ಸೆಲ್ ಫೈಲ್ ಬಂತು. ಜೊತೆಗೆ ಒಂದೇ ಸಾಲು: “ಸರ್, ಸೇಲ್ಸ್ ಡೇಟಾ ಕಳಿಸಿದ್ದೀನಿ, ಮುಂದಿನ ಸೇಲ್ಸ್ ಪ್ರೆಡಿಕ್ಟ್ ಮಾಡಿಕೊಡಿ.” ಮುಂದಿನದು ಅಂದರೆ ನಾಳೆಯದೋ, ಮುಂದಿನ ವರ್ಷದ್ದೋ? ಗೊತ್ತಿಲ್ಲ. ಎಷ್ಟು ಸರಿ ಬಂದರೆ ಸಾಕು? ಅದೂ ಇಲ್ಲ. ಫೈಲಿನ ಕಾಲಂಗಳು ಏನು ಹೇಳುತ್ತವೆ ಅನ್ನುವುದೂ ಇಲ್ಲ. Date, Party, Item, Qty, Rate, Value, ಅಷ್ಟೇ.

ಇಂಥ ಫೈಲ್ ಸಿಕ್ಕಿದ ತಕ್ಷಣ ಒಂದು ಮಾಡೆಲ್ ಓಡಿಸಿ, ಏರುವ ಗೆರೆಯೊಂದನ್ನು ತೋರಿಸಿ ಬಿಲ್ ಕಳಿಸಿಬಿಡಬಹುದು. ಹಾಗೆ ಮಾಡುವವರೂ ಇದ್ದಾರೆ. ಆ ಗೆರೆ ನೋಡಿ ಅಂಗಡಿಯವರು ಏನು ಮಾಡಬೇಕು ಅಂತ ಮಾತ್ರ ಯಾರಿಗೂ ಗೊತ್ತಿರುವುದಿಲ್ಲ.

“ನಿಮಗೆ ಯಾವ ಅವಧಿ ಬೇಕು, ಊಹೆ ಎಷ್ಟು ಸರಿ ಅನ್ನೋಕೆ ಯಾವ ಅಳತೆ ಬೇಕು” ಅಂತ ನಾನು ಕೇಳುವುದಿಲ್ಲ. ಕೇಳಿದರೆ “ನೀವೇ ನೋಡಿ ಹೇಳಿ ಸರ್” ಅನ್ನುವ ಉತ್ತರವೇ ಬರುವುದು. ಅದರ ಬದಲು ನಾನು ಕೇಳುವುದು ಹೀಗೆ: “ಈ ನಂಬರ್ ನಿಮ್ಮ ಕೈಗೆ ಬಂತು ಅಂತ ಇಟ್ಕೊಳ್ಳಿ. ಆಮೇಲೆ ಯಾರಿಗೆ ಫೋನ್ ಮಾಡ್ತೀರಿ?”

ಫೈಲ್ ಕಳಿಸಿದ್ದು ಮಾಲೀಕರ ಮಗ. ಅವರ ಉತ್ತರ ತಕ್ಷಣ ಬಂತು. “ಮಿಲ್‌ಗೆ ಸರ್. ಸೋಮವಾರ ಬೆಳಿಗ್ಗೆ ಆರ್ಡರ್ ಹೇಳ್ತೀವಿ, ಗುರುವಾರ ಲಾರಿ ಬರುತ್ತೆ. ಮತ್ತೆ ಮುಂದಿನ ಗುರುವಾರವೇ.”

ಅವಧಿ ಎಷ್ಟು ಅನ್ನುವುದು ಇಲ್ಲೇ ಸಿಕ್ಕಿತು. ಈ ಸೋಮವಾರ ಹೇಳಿದ ಮಾಲು ಗುರುವಾರ ಇಳಿಯುತ್ತದೆ. ಮುಂದಿನ ಲಾರಿ ಬರುವ ತನಕ, ಅಂದರೆ ಮುಂದಿನ ಬುಧವಾರದವರೆಗೆ, ಅದೇ ಮಾಲಿನಲ್ಲಿ ನಡೆಸಬೇಕು. ಆದ್ದರಿಂದ ನಾನು ಊಹಿಸಬೇಕಾದ್ದು ಸೋಮವಾರದಿಂದ ಮುಂದಿನ ಬುಧವಾರದವರೆಗಿನ 10 ದಿನಗಳ ಮಾರಾಟ. ಅದರಲ್ಲಿ ಗೋಡೌನ್‌ನಲ್ಲಿ ಇರುವುದನ್ನು ಕಳೆದರೆ ಆರ್ಡರ್ ಎಷ್ಟು ಅಂತ ಗೊತ್ತಾಗುತ್ತದೆ. ಮುಂದಿನ ವರ್ಷದ ಒಟ್ಟು ಮಾರಾಟ ಇವರಿಗೆ ಕೇಳೋಕೆ ಚೆನ್ನಾಗಿರುತ್ತದೆ, ಆರ್ಡರ್‌ಗೆ ಉಪಯೋಗಕ್ಕೆ ಬರುವುದಿಲ್ಲ.

ಅಳತೆಗೂ ಹೀಗೇ ಸುತ್ತಿ ಬಂದೆ. “ಮಾಲು ಕಮ್ಮಿ ಬಿದ್ದರೆ ಏನಾಗುತ್ತೆ?” ಅಂದೆ. ಗಿರಾಕಿ ಪಕ್ಕದ ಹೋಲ್‌ಸೇಲ್‌ನಲ್ಲಿ ತಗೊಳ್ತಾನೆ, ಒಂದು ಚೀಲದ ಲಾಭ ಹೋಗುತ್ತೆ. “ಜಾಸ್ತಿ ಉಳಿದರೆ?” ದುಡ್ಡು ಕೂತುಬಿಡುತ್ತೆ, ಮಳೆಗಾಲದಲ್ಲಿ ರವೆಗೆ ಹುಳ ಬೀಳುತ್ತೆ. ಕಮ್ಮಿ ಬಿದ್ದರೆ ಚೀಲಕ್ಕೆ ಸುಮಾರು 30 ರೂಪಾಯಿ ನಷ್ಟ, ಒಂದು ವಾರ ಜಾಸ್ತಿ ಉಳಿದರೆ ಸುಮಾರು 10 ರೂಪಾಯಿ ಅಂತ ಇಬ್ಬರೂ ಕೂತು ಒಪ್ಪಿಕೊಂಡೆವು.

ಹೀಗಿರುವಾಗ ಸರಾಸರಿ ಮಾರಾಟದಷ್ಟೇ ಆರ್ಡರ್ ಮಾಡುವುದು ಸರಿಯಲ್ಲ. 30 ಅನ್ನು 30 ಮತ್ತು 10ರ ಮೊತ್ತದಿಂದ ಭಾಗಿಸಿದರೆ 0.75 ಬರುತ್ತದೆ. ಅಂದರೆ ನಾಲ್ಕು ವಾರದಲ್ಲಿ ಮೂರು ವಾರ ಮಾಲು ಸಾಕಾಗಬೇಕು, ಒಂದು ವಾರ ಕಮ್ಮಿ ಬಿದ್ದರೂ ಪರವಾಗಿಲ್ಲ. ಅಷ್ಟಕ್ಕೆ ಸಾಕಾಗುವ ಮಾಲು ಎಷ್ಟು ಅನ್ನುವುದೇ ಅವರಿಗೆ ನಾನು ಕೊಡಬೇಕಾದ ನಂಬರ್. ಇದನ್ನು ಅವರೇ ಪರೀಕ್ಷೆ ಮಾಡಬಹುದು. ಗೋಡೆಯ ಮೇಲಿನ ಕ್ಯಾಲೆಂಡರ್‌ನಲ್ಲಿ ಮಾಲು ಖಾಲಿಯಾದ ವಾರಗಳಿಗೆ ಗುರುತು ಹಾಕುತ್ತಾ ಹೋದರೆ ಸಾಕು. ಕೆಲವು ತಿಂಗಳಾದ ಮೇಲೆ ಎಣಿಸಿದಾಗ ಅರ್ಧಕ್ಕರ್ಧ ವಾರ ಖಾಲಿಯಾಗಿದ್ದರೆ ನನ್ನ ಲೆಕ್ಕ ತಪ್ಪು.

ಇಷ್ಟಾದ ಮೇಲೆ ಫೈಲ್ ತೆರೆದೆ. ಮೊದಲು ನೋಡಿದ್ದು ದಿನಾಂಕ. ಟ್ಯಾಲಿಯಿಂದ ತೆಗೆದ ಪಟ್ಟಿಯನ್ನು ಅಮೆರಿಕದ ಸೆಟ್ಟಿಂಗ್ ಇರುವ ಎಕ್ಸೆಲ್‌ನಲ್ಲಿ ತೆರೆದರೆ 05-04-2024 ಅನ್ನುವುದು ಮೇ 4 ಆಗಿಬಿಡುತ್ತದೆ. 25-04-2024 ಮಾತ್ರ ಅರ್ಥವಾಗದೆ ಬರೀ ಅಕ್ಷರವಾಗಿ ಉಳಿಯುತ್ತದೆ. ಅಂಥವು ಸೆಲ್‌ನ ಎಡಕ್ಕೆ ಅಂಟಿಕೊಂಡಿರುತ್ತವೆ, ನಿಜವಾದ ದಿನಾಂಕಗಳು ಬಲಕ್ಕೆ. ಒಂದೇ ಕಾಲಂನಲ್ಲಿ ಎರಡೂ ಕಂಡರೆ ಅನುಮಾನ ಪಡಬೇಕು. ಇಲ್ಲಿ ಎರಡೂ ಇದ್ದವು. ಖಾತ್ರಿ ಮಾಡಿಕೊಳ್ಳಲು ಇನ್ನೊಂದು ಉಪಾಯವೂ ಇತ್ತು. ಈ ಅಂಗಡಿಗೆ ಭಾನುವಾರ ರಜೆ. ಭಾನುವಾರಕ್ಕೂ ಬಿಲ್ ಬಿದ್ದಿದ್ದರೆ ತಿಂಗಳು–ದಿನ ಅದಲುಬದಲಾಗಿವೆ ಅಂತಲೇ ಅರ್ಥ. ಭಾನುವಾರಗಳಲ್ಲೂ ಬೇಕಾದಷ್ಟು ಬಿಲ್ ಇದ್ದವು. ಫೈಲನ್ನು ಎಕ್ಸೆಲ್‌ನಲ್ಲಿ ತೆರೆಯದೆ ನೇರ CSV ಆಗಿ ಮತ್ತೊಮ್ಮೆ ಕಳಿಸಲು ಹೇಳಿ, ಹೀಗೆ ಓದಿಕೊಂಡೆ:

```python
d = pd.to_datetime(df["Date"], format="%d-%m-%Y")
df.groupby(d.dt.dayofweek)["Qty"].sum()
```

ಇದರಲ್ಲಿ ಸೋಮವಾರ 0, ಭಾನುವಾರ 6. ಈ ಸಲ 6ರ ಸಾಲೇ ಇರಲಿಲ್ಲ. ಸರಿಯಾಯಿತು.

ಇನ್ನು Qty. ಮೈನಸ್ ಇರುವ ಸಾಲುಗಳು ವಾಪಸ್ ಬಂದ ಮಾಲು. Rate ಸೊನ್ನೆ ಇರುವುದು ಸ್ಕೀಮ್‌ನಲ್ಲಿ ಪುಕ್ಕಟೆ ಕೊಟ್ಟ ಚೀಲ. ದುಡ್ಡು ಬರದಿದ್ದರೂ ಗೋಡೌನ್‌ನಿಂದ ಹೊರಗೆ ಹೋಗಿದೆ, ಆದ್ದರಿಂದ ನನ್ನ ಲೆಕ್ಕದಲ್ಲಿ ಅದೂ ಮಾರಾಟವೇ. ದೊಡ್ಡ ತೊಡಕು ಬೇರೆ ಇತ್ತು. 2022ರ ಜುಲೈ ಹೊತ್ತಿಗೆ 25 ಕೆಜಿ ಚೀಲದ ಐಟಂ ಇದ್ದಕ್ಕಿದ್ದಂತೆ ನಿಂತುಹೋಗಿತ್ತು. ಕೆಲವೇ ವಾರದಲ್ಲಿ 30 ಕೆಜಿಯದು ಹೊಸದಾಗಿ ಹುಟ್ಟಿಕೊಂಡಿತ್ತು. ಕಾರಣ ಜಿಎಸ್‌ಟಿ. 2022ರ ಜುಲೈ 18ರಿಂದ 25 ಕೆಜಿವರೆಗಿನ, ಪ್ಯಾಕ್ ಮಾಡಿ ಲೇಬಲ್ ಹಾಕಿದ ಧಾನ್ಯ–ಹಿಟ್ಟುಗಳಿಗೆ 5% ತೆರಿಗೆ ಬಂತು. ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. ಮಿಲ್‌ನವರು ಚೀಲ ದೊಡ್ಡದು ಮಾಡಿದರು, ಅಷ್ಟೇ. ಐಟಂ ಹೆಸರು ನಂಬಿ ಹೋದರೆ ಒಂದು ರವೆ ಸತ್ತು ಇನ್ನೊಂದು ರವೆ ಭರ್ಜರಿಯಾಗಿ ಬೆಳೆದಂತೆ ಕಾಣುತ್ತದೆ. ತಿನ್ನುವವರು ಅದೇ ಜನ, ತಿನ್ನುವುದೂ ಅಷ್ಟೇ. ಎಲ್ಲವನ್ನೂ ಕೆಜಿಗೆ ತಂದು, ಬಾಂಬೆ ರವೆ, ಚಿರೋಟಿ ರವೆ, ಮೈದಾ, ಶ್ಯಾವಿಗೆ ಅಂತ ನಾಲ್ಕೇ ಗುಂಪು ಮಾಡಿದೆ.

ಆಮೇಲೆ ಮಾಲು ಖಾಲಿಯಾದ ದಿನಗಳು. ಸೇಲ್ಸ್ ಫೈಲ್‌ನಲ್ಲಿ ಅವು ಸುಮ್ನೆ ಕಮ್ಮಿ ಮಾರಾಟದ ದಿನಗಳಂತೆ ಇರುತ್ತವೆ. ಆದರೆ ಗಿರಾಕಿ ಬಂದಿರುತ್ತಾನೆ, ಕೊಡೋಕೆ ಇರುವುದಿಲ್ಲ. ಗುರುತು ಹೀಗಿರುತ್ತದೆ: ಚೆನ್ನಾಗಿ ಹೋಗುತ್ತಿದ್ದ ಐಟಂ ಮಂಗಳವಾರ, ಬುಧವಾರ ಪೂರ್ತಿ ನಿಲ್ಲುತ್ತದೆ, ಲಾರಿ ಬಂದ ಗುರುವಾರ ಒಂದೇಸಲ ಜಿಗಿಯುತ್ತದೆ. ಸ್ಟಾಕ್ ರಿಜಿಸ್ಟರ್ ತರಿಸಿ ತಾಳೆ ನೋಡಿ, ಆ ದಿನಗಳನ್ನು ಸೊನ್ನೆ ಅನ್ನದೆ “ಗೊತ್ತಿಲ್ಲ” ಅಂತ ಗುರುತು ಮಾಡಿದೆ. ಸೊನ್ನೆ ಅಂತಲೇ ಬಿಟ್ಟರೆ ಮಾಡೆಲ್ ಕಮ್ಮಿ ಆರ್ಡರ್ ಮಾಡಲು ಹೇಳುತ್ತದೆ, ಮಾಲು ಮತ್ತೆ ಖಾಲಿಯಾಗುತ್ತದೆ, ಮುಂದಿನ ಸಲ ಇನ್ನೂ ಕಮ್ಮಿ ಹೇಳುತ್ತದೆ.

ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮಜಾ ಕೊಟ್ಟಿದ್ದು ಹಬ್ಬ. ಹೋಳಿಗೆಯ ಕಣಕಕ್ಕೆ ಚಿರೋಟಿ ರವೆ, ಮೈದಾ ಬೇಕು. ಯುಗಾದಿಗೂ ಗಣೇಶನ ಹಬ್ಬಕ್ಕೂ ಎರಡೂ ಏರುತ್ತವೆ. ಆದರೆ ಹಬ್ಬ ಇಂಗ್ಲಿಷ್ ಕ್ಯಾಲೆಂಡರ್ ಪ್ರಕಾರ ಬರುವುದಿಲ್ಲವಲ್ಲ. ಮಾಲೀಕರ ಮಗ ಹೇಳಿದ್ದು: “2023–24ರಲ್ಲಿ ಚಿರೋಟಿ ರವೆ ಬಿದ್ದುಹೋಯ್ತು ಸರ್, ಆಮೇಲಿನ ವರ್ಷ ಎದ್ದಿತು. ಯಾಕೆ ಅಂತ ಗೊತ್ತಿಲ್ಲ.” ಪಂಚಾಂಗ ತೆಗೆದು ನೋಡಿದರೆ, ಯುಗಾದಿ 2022ರಲ್ಲಿ ಏಪ್ರಿಲ್ 2, 2023ರಲ್ಲಿ ಮಾರ್ಚ್ 22, 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30. ಲೆಕ್ಕದ ವರ್ಷ ಏಪ್ರಿಲ್ 1ಕ್ಕೆ ಶುರುವಾಗುತ್ತದೆ. ಹಾಗಾಗಿ 2022–23ರಲ್ಲಿ ಎರಡು ಯುಗಾದಿ, 2023–24ರಲ್ಲಿ ಒಂದೂ ಇಲ್ಲ, 2024–25ರಲ್ಲಿ ಮತ್ತೆ ಎರಡು! ಚಿಲ್ಲರೆ ಅಂಗಡಿಯವರು ಹಬ್ಬಕ್ಕೆ ಒಂದು ವಾರ ಮುಂಚೆಯೇ ಮಾಲು ಎತ್ತುವುದರಿಂದ ಗಡಿಯಲ್ಲಿ ಸ್ವಲ್ಪ ಆಚೀಚೆ ಆಗುತ್ತದೆ. ಆದರೂ ವ್ಯಾಪಾರ ಬಿದ್ದಿದ್ದೂ ಇಲ್ಲ, ಎದ್ದಿದ್ದೂ ಇಲ್ಲ ಅನ್ನುವುದು ಸ್ಪಷ್ಟವಿತ್ತು.

ಅದಕ್ಕೇ “ಹೋದ ವರ್ಷ ಇದೇ ತಿಂಗಳು” ಅನ್ನುವ ಹೋಲಿಕೆ ಬಿಟ್ಟೆ. ಪ್ರತಿ ದಿನಕ್ಕೂ “ಯುಗಾದಿಗೆ ಇನ್ನೆಷ್ಟು ದಿನ, ಗಣೇಶನಿಗೆ ಇನ್ನೆಷ್ಟು ದಿನ” ಅನ್ನುವ ಕಾಲಂ ಸೇರಿಸಿದೆ. ಹಬ್ಬದ ಮುಂಚಿನ ಎರಡು ವಾರ ಮಾಮೂಲಿ ವಾರಕ್ಕಿಂತ ಎಷ್ಟು ಪಟ್ಟು ಹೋಗುತ್ತದೆ ಅಂತ ಪ್ರತಿ ಐಟಂಗೂ ತೆಗೆದೆ. ಕೈಯಲ್ಲಿದ್ದದ್ದು ಬೆರಳೆಣಿಕೆಯ ಹಬ್ಬಗಳು, ಆದ್ದರಿಂದ ಈ ಪಟ್ಟು ಒರಟು ಅಂದಾಜು. ಇದನ್ನು ಅವರಿಗೆ ಕೊಟ್ಟ ಹಾಳೆಯಲ್ಲೂ ಬರೆದೆ.

ಪರೀಕ್ಷೆ ಮಾಡುವಾಗ ಸಾಲುಗಳನ್ನು ಮನಬಂದಂತೆ ಎತ್ತಿ ಕಲಿಯೋಕೆ ಒಂದಷ್ಟು, ಪರೀಕ್ಷೆಗೆ ಒಂದಷ್ಟು ಅಂತ ಹಂಚಬಾರದು. ಹಾಗೆ ಹಂಚಿದರೆ ಮುಂದಿನ ಬುಧವಾರದ ಮಾರಾಟ ನೋಡಿಕೊಂಡು ಈ ಸೋಮವಾರದ್ದು ಊಹಿಸಿದ ಹಾಗಾಗುತ್ತದೆ. ನಾನು ಹಳೆಯ ಒಂದೊಂದು ಸೋಮವಾರಕ್ಕೆ ಹೋಗಿ ನಿಂತು, ಹಿಂದಿನ ಶನಿವಾರದವರೆಗೆ ಗೊತ್ತಿದ್ದಷ್ಟನ್ನೇ ಬಳಸಿ ಮುಂದಿನ 10 ದಿನ ಊಹಿಸಿದೆ. ಆಮೇಲೆ ನಿಜವಾದ ಮಾರಾಟದ ಜೊತೆ ಇಟ್ಟು ನೋಡಿದೆ. ತಪ್ಪಿದ ಕೆಜಿಗಳನ್ನೆಲ್ಲ ಕೂಡಿಸಿ ಒಟ್ಟು ಮಾರಿದ ಕೆಜಿಯಿಂದ ಭಾಗಿಸಿದೆ. ಒಂದೊಂದು ವಾರದ ಶೇಕಡಾ ತಪ್ಪು ತೆಗೆದು ಸರಾಸರಿ ಮಾಡುವ ದಾರಿ ಇಲ್ಲಿ ಆಗುವುದಿಲ್ಲ. ಶ್ಯಾವಿಗೆ ಕೆಲವು ವಾರ ಏನೂ ಮಾರಾಟವಾಗಿರಲ್ಲ, ಸೊನ್ನೆಯಿಂದ ಭಾಗಿಸಬೇಕಾಗುತ್ತದೆ.

ನನ್ನ ಮಾಡೆಲ್ ಯಾರ ಊಹೆಯನ್ನು ಮೀರಬೇಕು, ಅಂದರೆ ಎದುರಾಳಿ ಯಾರು ಅನ್ನುವುದೂ ಮುಖ್ಯ. ಹಿಂದಿನ ನಾಲ್ಕು ವಾರದ ಸರಾಸರಿ ಒಬ್ಬ ಎದುರಾಳಿ. ಅದಕ್ಕಿಂತ ಗಟ್ಟಿಯಾದವರು ಅಂಗಡಿಯಲ್ಲೇ ಕೂತಿದ್ದರು, ಮಾಲೀಕರು. ಅವರು ಪ್ರತಿ ಸೋಮವಾರ ಮಿಲ್‌ಗೆ ಹೇಳಿದ ಆರ್ಡರ್ ಎಲ್ಲ ಖರೀದಿ ಪುಸ್ತಕದಲ್ಲಿದೆ. ಅದಕ್ಕೆ ಆ ದಿನದ ಸ್ಟಾಕ್ ಕೂಡಿಸಿದರೆ ಅವರ ಊಹೆ ಸಿಗುತ್ತದೆ. ಫೈಲ್ ಕಳಿಸಿದವರಿಗೆ ಇದು ಹೊಳೆದೇ ಇರಲಿಲ್ಲ. “ಅಪ್ಪಾಜಿ ಸುಮ್ನೆ ಅಂದಾಜಿಗೆ ಹೇಳ್ತಾರೆ ಸರ್” ಅಂದರು.

ಆ ಅಂದಾಜು ಸುಮ್ಮನೆ ಆಗಿರಲಿಲ್ಲ. ಮಾಮೂಲಿ ವಾರಗಳಲ್ಲಿ ನನ್ನ ಮಾಡೆಲ್, ನಾಲ್ಕು ವಾರದ ಸರಾಸರಿ, ಮಾಲೀಕರು, ಮೂವರೂ ಹೆಚ್ಚುಕಮ್ಮಿ ಒಂದೇ. ಯುಗಾದಿ, ಗಣೇಶನ ಮುಂಚಿನ ವಾರಗಳಲ್ಲಿ ಮಾಡೆಲ್ ಗೆದ್ದಿತು. ಮಾಲೀಕರು ಹಬ್ಬದ ಏರಿಕೆ ಗೊತ್ತಿದ್ದೂ ಆರ್ಡರ್ ಒಂದು ಲಾರಿ ತಡವಾಗಿ ಏರಿಸುತ್ತಿದ್ದರು. ಮದುವೆ ಸೀಸನ್‌ನಲ್ಲಿ ಅವರೇ ಗೆದ್ದರು. ಯಾವ ಕಲ್ಯಾಣ ಮಂಟಪದ ಅಡುಗೆ ಗುತ್ತಿಗೆದಾರ ಎಷ್ಟು ಚೀಲ ಮೈದಾ ಕೇಳಿದ್ದಾನೆ ಅನ್ನುವುದು ಅವರ ತಲೆಯಲ್ಲಿರುತ್ತದೆ, ಫೈಲ್‌ನಲ್ಲಿ ಇರುವುದಿಲ್ಲ.

ಕೊನೆಗೆ ನಾನು ಕೊಟ್ಟಿದ್ದು ಒಂದು ಎಕ್ಸೆಲ್ ಹಾಳೆ. ಸೋಮವಾರ ಬೆಳಿಗ್ಗೆ ಸ್ಟಾಕ್ ತುಂಬಿಸಿದರೆ ಪ್ರತಿ ಐಟಂಗೆ ಎಷ್ಟು ಚೀಲ ಆರ್ಡರ್ ಅಂತ ತೋರಿಸುತ್ತದೆ. ಪಕ್ಕದಲ್ಲಿ “ಮುಂಗಡ ಹೇಳಿದ ಮದುವೆ ಆರ್ಡರ್” ಅಂತ ಒಂದು ಖಾಲಿ ಕಾಲಂ ಇದೆ, ಅದನ್ನು ತುಂಬುವುದು ಮಾಲೀಕರು. ಹಾಳೆಯ ಮೇಲ್ಗಡೆ ನಾಲ್ಕು ಸಾಲು ಬರೆದಿದ್ದೇನೆ: ಇದು 10 ದಿನಕ್ಕೆ ಮಾತ್ರ, ನಾಲ್ಕರಲ್ಲಿ ಒಂದು ವಾರ ಮಾಲು ಕಮ್ಮಿ ಬೀಳಬಹುದು, ಮಿಲ್ ಲಾರಿಯ ದಿನ ಬದಲಾದರೆ ಈ ಲೆಕ್ಕ ನಡೆಯುವುದಿಲ್ಲ, ಚೀಲದ ತೂಕ ಮತ್ತೆ ಬದಲಾದರೆ ನನಗೆ ತಿಳಿಸಿ.

ಶ್ಯಾವಿಗೆಯನ್ನು ಹಾಳೆಯಿಂದ ಕೈಬಿಟ್ಟೆ. ಮಾರಾಟ ಅಷ್ಟೊಂದು ವಿರಳವಾಗಿರುವಾಗ ನನ್ನ ನಂಬರ್‌ಗೂ ಅಂದಾಜಿಗೂ ವ್ಯತ್ಯಾಸವೇ ಇರಲಿಲ್ಲ. ಅದನ್ನು ಮಾಲೀಕರು ಈಗಲೂ ಫೋನ್‌ನಲ್ಲಿ “ಒಂದೆರಡು ಬಾಕ್ಸ್ ಹಾಕಿಬಿಡಿ” ಅಂತಲೇ ತರಿಸುತ್ತಾರೆ.