60 ಮೀಟರ್ ಪೈಪು 107 ಮೀಟರ್ ಆಗುವ ಲೆಕ್ಕ

ತೋಟದ ಬಾವಿಯಿಂದ ಟ್ಯಾಂಕಿಗೆ ಎರಡಿಂಚಿನ ಪಿವಿಸಿ ಪೈಪು ಎಳೆದಿದ್ದೆವು. ಉದ್ದ 60 ಮೀಟರ್. ಪಂಪು ನೀರನ್ನು ಎಷ್ಟು ಎತ್ತರಕ್ಕೆ ತಳ್ಳಬಲ್ಲದು ಅನ್ನುವುದೇ ಹೆಡ್. ಪೈಪಿನ ಘರ್ಷಣೆಗೆ ಅದರಲ್ಲಿ ಐದು ಮೀಟರ್ ಹೋಗುತ್ತದೆ ಎಂದು ಲೆಕ್ಕ ಹಾಕಿ ಪಂಪು ತಂದೆವು. ನೀರು ಬಂತು, ಆದರೆ ಅಂದುಕೊಂಡಷ್ಟು ಬರಲಿಲ್ಲ. ವಾಲ್ವು, ಬೆಂಡುಗಳನ್ನು ನಾವು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಪುಸ್ತಕಗಳಲ್ಲಿ ಇವನ್ನು ‘ಸಣ್ಣ ನಷ್ಟ’ ಅಂತ ಕರೆಯುತ್ತಾರೆ. ಎರಡು ಕಿಲೋಮೀಟರ್ ಲೈನಿನಲ್ಲಿ ಅವು ನಿಜಕ್ಕೂ ಸಣ್ಣವೇ. 60 ಮೀಟರ್ ಲೈನಿನಲ್ಲಿ ಮಾತ್ರ ಆ ಹೆಸರನ್ನು ನಂಬಬೇಡಿ.

ಮೊದಲು ನೀರು ಅಳೆಯಿರಿ. ಟ್ಯಾಂಕಿನ ಬಾಯಿಗೆ 200 ಲೀಟರ್ ಡ್ರಮ್ಮು ಹಿಡಿದೆವು, 50 ಸೆಕೆಂಡಿನಲ್ಲಿ ತುಂಬಿತು. ಅಂದರೆ ಸೆಕೆಂಡಿಗೆ 4 ಲೀಟರ್. ಪೈಪಿನ ಒಳವ್ಯಾಸ 50 ಮಿಲಿಮೀಟರ್ ಎಂದಿಟ್ಟುಕೊಂಡರೆ ವೇಗ ಸೆಕೆಂಡಿಗೆ ಸುಮಾರು 2 ಮೀಟರ್.

ಪ್ರತಿ ಫಿಟ್ಟಿಂಗಿಗೂ ಅದು ನೀರನ್ನು ಎಷ್ಟು ತಡೆಯುತ್ತದೆ ಎಂದು ಹೇಳುವ K ಅನ್ನುವ ಒಂದು ಅಂಕಿ ಇರುತ್ತದೆ. ಅದನ್ನು ಪೈಪಿನ ಉದ್ದಕ್ಕೆ ಬದಲಾಯಿಸುವ ಸೂತ್ರ ಇಷ್ಟೇ:

```
L = K × D / f
```

D ಒಳವ್ಯಾಸ, ಮೀಟರಿನಲ್ಲಿ. f ಘರ್ಷಣೆಯ ಅಂಕಿ. ಸ್ವಲ್ಪ ಬಳಸಿದ ಪಿವಿಸಿಗೆ 0.02 ಹಿಡಿಯೋಣ. 0.05 ಅನ್ನು 0.02ರಿಂದ ಭಾಗಿಸಿದರೆ 2.5. ಹಾಗಾಗಿ ನಮ್ಮ ಲೈನಿನಲ್ಲಿ K 1 ಇದ್ದರೆ ಅದು ಎರಡೂವರೆ ಮೀಟರ್ ಪೈಪಿಗೆ ಸಮ. ಈ 2.5 ಸಿಕ್ಕಿತು ಅಂದರೆ ಅರ್ಧ ಕೆಲಸ ಮುಗಿಯಿತು.

ಇನ್ನು ಪಂಪಿನಿಂದ ಟ್ಯಾಂಕಿನವರೆಗೆ ಲೈನಿನ ಜೊತೆಗೇ ನಡೆದು ಒಂದೊಂದನ್ನೂ ಬರೆದುಕೊಳ್ಳಿ. ನಮ್ಮಲ್ಲಿ ಆರು ಎಲ್ಬೋ ಸಿಕ್ಕವು, ಒಂದಕ್ಕೆ K ಸುಮಾರು 0.9, ಒಟ್ಟು 5.4. ನೀರು ವಾಪಸ್ ಬರದಂತೆ ತಡೆಯುವ ಎನ್‌ಆರ್‌ವಿಗೆ 2.5. ಗ್ಲೋಬ್ ವಾಲ್ವಿಗೆ ಪೂರ್ತಿ ತೆರೆದಿದ್ದರೂ 10, ಯಾಕೆಂದರೆ ಅದರೊಳಗೆ ನೀರು ಎಸ್ ಆಕಾರದಲ್ಲಿ ಹತ್ತಿ ಇಳಿಯಬೇಕು. ಕೊನೆಗೆ ಟ್ಯಾಂಕಿಗೆ ಬೀಳುವಾಗ ನೀರಿನ ವೇಗವೆಲ್ಲ ವ್ಯರ್ಥ, ಅದಕ್ಕೆ 1. ಕೂಡಿದರೆ 18.9. ಎರಡೂವರೆಯಿಂದ ಗುಣಿಸಿದರೆ 47 ಮೀಟರ್! 60 ಮೀಟರ್ ಪೈಪು 107 ಮೀಟರ್ ಪೈಪಿನ ಹಾಗೆ ನಡೆಯುತ್ತಿತ್ತು. ಐದು ಮೀಟರ್ ಅಂದುಕೊಂಡ ನಷ್ಟ ಒಂಬತ್ತಾಗಿತ್ತು.

ಪೂರ್ತಿ ತೆರೆದ ಗೇಟ್ ವಾಲ್ವಿಗೆ K ಬರೀ 0.2. ನಮಗೆ ಬೇಕಿದ್ದದ್ದು ನೀರು ಬಿಡುವುದು, ನಿಲ್ಲಿಸುವುದು ಅಷ್ಟೇ. ಅದಕ್ಕೆ ಗ್ಲೋಬ್ ವಾಲ್ವು ಹಾಕಿ 25 ಮೀಟರ್ ಪೈಪನ್ನು ಸುಮ್ನೆ ಹೊತ್ತುಕೊಂಡಿದ್ದೆವು. ಆದರೆ ಗೇಟ್ ವಾಲ್ವನ್ನು ಅರ್ಧ ಮಾತ್ರ ತೆರೆದು ಬಿಟ್ಟರೆ ಅದರ K ಎಷ್ಟೋ ಪಟ್ಟು ಏರುತ್ತದೆ.

ಜನ ಜಾಸ್ತಿ ಎಡವುವುದು ಪೈಪು ಇದ್ದಕ್ಕಿದ್ದಂತೆ ಅಗಲವಾಗುವ ಜಾಗದಲ್ಲಿ. ಸಣ್ಣ ಪೈಪಿನಿಂದ ಚಿಮ್ಮಿದ ನೀರು ದೊಡ್ಡ ಪೈಪಿನ ನಿಧಾನದ ನೀರಿಗೆ ಡಿಕ್ಕಿ ಹೊಡೆಯುತ್ತದೆ, ಮೂಲೆಯಲ್ಲಿ ಸುಳಿ ಏಳುತ್ತದೆ, ಶಕ್ತಿ ಅಲ್ಲೇ ಕರಗುತ್ತದೆ. ಇಲ್ಲಿ K ಅಂದರೆ (1 − A1/A2)². A1 ಸಣ್ಣ ಪೈಪಿನ ಅಡ್ಡ ಕೊಯ್ತದ ವಿಸ್ತೀರ್ಣ, A2 ದೊಡ್ಡದರದ್ದು. ಟ್ಯಾಂಕು ಅಂದರೆ A2 ಬಹಳ ದೊಡ್ಡದು, ಅದಕ್ಕೇ ಅಲ್ಲಿ K 1 ಆಗಿದ್ದು.

ಮನೆಯಲ್ಲಿ ಬಿದ್ದಿತ್ತು ಅಂತ ಒಂದಿಂಚಿನ ತುಂಡನ್ನು ಎರಡಿಂಚಿನ ಲೈನಿನ ನಡುವೆ ಕೂರಿಸಿದಿರಿ ಅನ್ನಿ. ವಿಸ್ತೀರ್ಣ ಕಾಲು ಭಾಗ, K 0.56. ಇದನ್ನು ಎರಡೂವರೆಯಿಂದ ಗುಣಿಸಿ 1.4 ಮೀಟರ್ ಅಂದರೆ ತಪ್ಪು. ಈ K ಸಣ್ಣ ಪೈಪಿನ ವೇಗಕ್ಕೆ ಸೇರಿದ್ದು, ಆ ವೇಗ ನಾಲ್ಕು ಪಟ್ಟು. ನಷ್ಟ ವೇಗದ ವರ್ಗದ ಲೆಕ್ಕದಲ್ಲಿ ಏರುವುದರಿಂದ 16ರಿಂದ ಗುಣಿಸಬೇಕು. ಆಗ ಎರಡಿಂಚಿನ ಲೈನಿನ ಲೆಕ್ಕದಲ್ಲಿ K 9, ಅಂದರೆ 22.5 ಮೀಟರ್ ಪೈಪು. ಆ ತುಂಡಿನ ಒಳಕ್ಕೆ ನುಗ್ಗುವಾಗ ಆಗುವ ನಷ್ಟ, ತುಂಡಿನೊಳಗಿನ ಘರ್ಷಣೆ ಇದರಲ್ಲಿ ಸೇರಿಲ್ಲ.

ಅಂಗಡಿಯ ಕ್ಯಾಟಲಾಗಿನಲ್ಲಿ ಸಮಾನ ಉದ್ದದ ಪಟ್ಟಿ ಸಿಕ್ಕಿದರೆ ಅದು ಯಾವ ಪೈಪಿಗೆ ಮಾಡಿದ್ದು ಅಂತ ನೋಡಿ. ಇದೇ ಎಲ್ಬೋ ನಮ್ಮ ಪಿವಿಸಿಯಲ್ಲಿ ಎರಡೂಕಾಲು ಮೀಟರಿಗೆ ಸಮ. f 0.03 ಇರುವ ತುಕ್ಕು ಹಿಡಿದ ಜಿಐ ಪೈಪಿನಲ್ಲಿ ಒಂದೂವರೆ ಮೀಟರ್. ಎಲ್ಬೋ ಒಳ್ಳೆಯದಾಗಿದ್ದಲ್ಲ, ಪೈಪು ಕೆಟ್ಟಿದ್ದು, ಅಲ್ವಾ? ಇನ್ನು ಎರಡು ಎಲ್ಬೋ ಒಂದಕ್ಕೊಂದು ಅಂಟಿಕೊಂಡಿದ್ದರೆ ಒಂದರ ಸುಳಿ ಇನ್ನೊಂದಕ್ಕೆ ಹೋಗುತ್ತದೆ. ಆಗ ಕೂಡಿದ ಮೊತ್ತ ಅಂದಾಜು ಮಾತ್ರ.

ನಾವು ಗ್ಲೋಬ್ ತೆಗೆದು ಗೇಟ್ ವಾಲ್ವು ಹಾಕಿದೆವು. ಲೆಕ್ಕದ ಪ್ರಕಾರ ಎರಡು ಮೀಟರ್ ಹೆಡ್ ಉಳಿಯಬೇಕಿತ್ತು. ಡ್ರಮ್ಮು 47 ಸೆಕೆಂಡಿನಲ್ಲಿ ತುಂಬಿತು. ಇಷ್ಟೇನಾ ಅಂತ ಅನಿಸಬಹುದು. ತಡೆ ಕಡಿಮೆಯಾದ ಕೂಡಲೇ ಪಂಪು ನೀರನ್ನು ಜಾಸ್ತಿ ತಳ್ಳುತ್ತದೆ, ನೀರು ಜಾಸ್ತಿಯಾದರೆ ಉಳಿದ ಪೈಪಿನ ನಷ್ಟವೂ ಏರುತ್ತದೆ. ಉಳಿಸಿದ್ದರಲ್ಲಿ ಒಂದಿಷ್ಟನ್ನು ಅದೇ ನುಂಗಿತು.