ಫ್ರೆಂಚ್ ಇಮೇಲ್ ಕಳುಹಿಸುವ ಮುನ್ನ ಎರಡು ಪದಗಳ ಪರೀಕ್ಷೆ

ಫ್ರೆಂಚ್ ಇಮೇಲ್ ಬರೆದ ಮೇಲೆ ‘ಆಕ್ತ್ಯುಎಲ್‌ಮಾಂ’ ಇರುವಲ್ಲಿ ‘ಸದ್ಯ’ ಎಂದೂ ‘ಎವಾಂತ್ಯುಎಲ್‌ಮಾಂ’ ಇರುವಲ್ಲಿ ‘ಸಾಧ್ಯವಾದರೆ’ ಎಂದೂ ಇಟ್ಟು ಓದಿ. ನಿಮ್ಮ ಉದ್ದೇಶಕ್ಕೆ ಹೊಂದದಿದ್ದರೆ ಪದವನ್ನು ಬದಲಾಯಿಸಿ. ಇವು ಇಂಗ್ಲಿಷಿನ ‘ಆಕ್ಚುಯಲಿ’, ‘ಇವೆಂಚುಯಲಿ’ಗಳಂತೆ ಕಂಡರೂ ‘ವಾಸ್ತವವಾಗಿ’, ‘ಕೊನೆಗೆ’ ಎಂಬ ಅರ್ಥವನ್ನು ಕೊಡುವುದಿಲ್ಲ. ಎರಡನೆಯದೇ ಹೆಚ್ಚು ಅಪಾಯಕಾರಿ: ‘ಬಾಕಿಯನ್ನು ಕೊನೆಗೆ ಖಂಡಿತ ಪಾವತಿಸುತ್ತೇವೆ’ ಎಂಬ ಭರವಸೆಯಲ್ಲಿ ಅದನ್ನು ಬಳಸಿದರೆ, ಫ್ರೆಂಚ್ ಓದುಗರಿಗೆ ‘ಪಾವತಿಸಿದರೂ ಪಾವತಿಸಬಹುದು’ ಎಂಬ ಅನುಮಾನವೇ ತಲುಪುತ್ತದೆ. ‘ವಾಸ್ತವವಾಗಿ’ ಎನ್ನಲು ‘ಆಂ ಫೆತ್’ ಬಳಸಿ. ‘ಕೊನೆಗೆ’ ಎನ್ನಲು, ಮುಗಿದ ಸಂಗತಿಯಾದರೆ ‘ಫಿನಾಲ್‌ಮಾಂ’ ಸಾಕು, ಮುಂದಿನ ಭರವಸೆಯಾದರೆ ದಿನಾಂಕವನ್ನೇ ಬರೆಯುವುದು ಲೇಸು. ‘ನಮ್ಮ ಕಚೇರಿ ವಾಸ್ತವವಾಗಿ ಮುಚ್ಚಿದೆ’ ಎಂಬಂತಹ ವಾಕ್ಯ ‘ಸದ್ಯ’ ಎಂದರೂ ಸರಿಯಾಗಿಯೇ ಓದಿಸಿಕೊಳ್ಳುವುದರಿಂದ, ಅಲ್ಲಿ ಈ ಪರೀಕ್ಷೆ ತಪ್ಪನ್ನು ಹಿಡಿಯುವುದಿಲ್ಲ.