ಹೋಟೆಲ್ ಬಿಲ್ಲಿನ ಪಿಟೀಲು: ವಯಲಿನ್ ಪ್ಲಾಟ್ ಓದುವುದು ಹೇಗೆ?

ಅಮೆರಿಕದ ಒಂದು ರೆಸ್ಟೋರೆಂಟಿನ ವೇಟರ್ ಕೆಲವು ತಿಂಗಳ ಕಾಲ ತಾನು ಬಡಿಸಿದ ಮೇಜುಗಳ ಬಿಲ್ಲು, ಟಿಪ್ಸು ಎಲ್ಲವನ್ನೂ ಬರೆದಿಟ್ಟಿದ್ದ. 244 ಸಾಲಿನ ಆ ಪಟ್ಟಿ ಈಗ `tips` ಎಂಬ ಹೆಸರಿನಲ್ಲಿ ಪೈಥಾನ್ ಕಲಿಯುವವರ ಕೈಗೆಲ್ಲ ಸಿಗುತ್ತದೆ. ಅದರಲ್ಲಿ ಅತಿ ಚಿಕ್ಕ ಬಿಲ್ಲು 3.07 ಡಾಲರ್, ಅತಿ ದೊಡ್ಡದು 50.81. ಸಾಲಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಮೊತ್ತ, ಅಂದರೆ ಮಧ್ಯಾಂಕ, 17.80; ಸರಾಸರಿ 19.79. ಒಂದಷ್ಟು ದೊಡ್ಡ ಬಿಲ್ಲುಗಳು ಸರಾಸರಿಯನ್ನು ಮೇಲಕ್ಕೆ ಜಗ್ಗಿವೆ. ಇಂಥದ್ದನ್ನೇ ಒಂದು ಕಡೆಗೆ ವಾಲಿದ ದತ್ತಾಂಶ ಎನ್ನುವುದು. ಅದರ ಹರಡುವಿಕೆಯನ್ನು ಬಾಕ್ಸ್ ಪ್ಲಾಟ್ ಪೆಟ್ಟಿಗೆಯಾಗಿ ತೋರಿಸುತ್ತದೆ, ವಯಲಿನ್ ಪ್ಲಾಟ್ ಪಿಟೀಲಿನಂಥ ಆಕಾರವಾಗಿ.

ಮೊದಲು ಬಾಕ್ಸ್ ಪ್ಲಾಟ್ ನೋಡಿ

```python
import seaborn as sns
t = sns.load_dataset("tips")
sns.boxplot(y=t["total_bill"])
```

ಬಿಲ್ಲುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಾಲ್ಕು ಸಮಪಾಲು ಮಾಡಿದಾಗ ಸಿಗುವ ಮೂರು ಗಡಿಗಳು ಇಲ್ಲಿವೆ: ಪೆಟ್ಟಿಗೆಯ ಕೆಳ ಅಂಚು 13.35ರಲ್ಲಿ, ಮೇಲಿನ ಅಂಚು 24.13ರಲ್ಲಿ, ನಡುವಿನ ಗೆರೆ ಮಧ್ಯಾಂಕದಲ್ಲಿ. ಹೊಸಬರು ಎಡವುವುದು ಇಲ್ಲೇ. ಗೆರೆಯ ಮೇಲಿನ ಭಾಗ ಕೆಳಗಿನದಕ್ಕಿಂತ ಉದ್ದವಾಗಿ ಕಾಣುತ್ತದೆ. ಅಲ್ಲಿ ಹೆಚ್ಚು ಬಿಲ್ಲುಗಳಿವೆ ಎಂದು ಕಣ್ಣು ಹೇಳುತ್ತದೆ, ಅದು ಸುಳ್ಳು. ಎರಡೂ ಭಾಗದಲ್ಲಿ ಇರುವುದು 61 ಬಿಲ್ಲುಗಳೇ. ಕೆಳಗೆ ಅವು ನಾಲ್ಕೂವರೆ ಡಾಲರ್ ಅಗಲದ ಜಾಗದಲ್ಲಿ ಒತ್ತಿಕೊಂಡಿವೆ, ಮೇಲೆ ಆರು ಡಾಲರಿಗೂ ಮಿಕ್ಕಿ ಹರಡಿಕೊಂಡಿವೆ. ಕೊನೆಯ 61 ಬಿಲ್ಲುಗಳಂತೂ 24ರಿಂದ 51ರವರೆಗೆ ಚೆಲ್ಲಿ ಹೋಗಿವೆ. ಬಾಕ್ಸ್ ಪ್ಲಾಟಿನಲ್ಲಿ ಉದ್ದ ಇದ್ದಷ್ಟೂ ಅಲ್ಲಿ ಬಿಲ್ಲು ವಿರಳ.

ಪೆಟ್ಟಿಗೆಯಿಂದ ಮೇಲಕ್ಕೆ ಚಾಚಿದ ಗೆರೆ, ಅಂದರೆ ಮೇಲಿನ ಮೀಸೆ, 40.17ಕ್ಕೆ ನಿಲ್ಲುತ್ತದೆ. ಅದರಾಚೆ ಒಂಬತ್ತು ಬಿಲ್ಲುಗಳು ಬಿಡಿ ಚುಕ್ಕಿಗಳಾಗಿ ಉಳಿದಿವೆ. ಪೆಟ್ಟಿಗೆಯ ಅಂಚಿನಿಂದ ಅದರ ಎತ್ತರದ ಒಂದೂವರೆ ಪಟ್ಟು ದೂರ ದಾಟಿದ್ದನ್ನೆಲ್ಲ ಔಟ್‌ಲಯರ್, ಅಂದರೆ ಗುಂಪಿನಿಂದ ಹೊರಗುಳಿದದ್ದು, ಎನ್ನುವುದು ಇಲ್ಲಿನ ನಿಯಮ. ಈ ಅಳತೆ ಎರಡೂ ಕಡೆಗೆ ಒಂದೇ. ವಾಲಿದ ದತ್ತಾಂಶಕ್ಕೆ ಬಾಲ ಇರುವುದೇ ಒಂದು ಕಡೆಗೆ. ಹಾಗಾಗಿ ಆ ಒಂಬತ್ತು ಬಿಲ್ಲುಗಳಲ್ಲಿ ತಪ್ಪೇನೂ ಇಲ್ಲದಿದ್ದರೂ ಅವು ಅನುಮಾನಾಸ್ಪದವಾಗಿ ಕಾಣುತ್ತವೆ. ಚುಕ್ಕಿ ಕಂಡ ಕೂಡಲೇ ಸಾಲು ಅಳಿಸುವವರನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಈಗ ವಯಲಿನ್

```python
sns.violinplot(y=t["total_bill"])
```

ಇದನ್ನು ಹೊಸ ಚಿತ್ರವಾಗಿ ಬಿಡಿಸಿ. ಇಲ್ಲಿ ಓದಬೇಕಾದದ್ದು ಅಗಲವನ್ನು. ಯಾವ ಎತ್ತರದಲ್ಲಿ ಪಿಟೀಲು ಅಗಲವೋ ಆ ಮೊತ್ತದ ಸುತ್ತ ಬಿಲ್ಲುಗಳು ದಟ್ಟ. ಬಾಕ್ಸ್ ಪ್ಲಾಟಿಗೆ ಇದು ತಿರುವುಮುರುವು: ಅಲ್ಲಿ ದಟ್ಟವಾದದ್ದು ಗಿಡ್ಡ, ಇಲ್ಲಿ ದಟ್ಟವಾದದ್ದು ದಪ್ಪ. ಎಡಬಲಗಳು ಕನ್ನಡಿ ಪ್ರತಿಬಿಂಬ ಅಷ್ಟೇ, ಅರ್ಧ ನೋಡಿದರೂ ಸಾಕು.

ನಮ್ಮ ಪಿಟೀಲಿನ ಹೊಟ್ಟೆ 15 ಡಾಲರಿನ ಆಸುಪಾಸಿನಲ್ಲಿದೆ, ಅಂದರೆ ಮಧ್ಯಾಂಕಕ್ಕಿಂತಲೂ ಕೆಳಗೆ. ಬಾಕ್ಸ್ ಪ್ಲಾಟ್ ಇದನ್ನು ಹೇಳಿರಲೇ ಇಲ್ಲ. ಅಲ್ಲಿಂದ ಮೇಲಕ್ಕೆ ಪಿಟೀಲು ಮೆಲ್ಲಗೆ ಸಣ್ಣಗಾಗುತ್ತ ಉದ್ದ ಕುತ್ತಿಗೆಯಾಗುತ್ತದೆ. ಬಾಕ್ಸ್ 40ರ ಬಳಿ ಎಳೆದಿದ್ದ ಗಡಿ ಪಿಟೀಲಿನ ಅಂಚಿನಲ್ಲಿ ಇಲ್ಲ. 38ರ ಬಿಲ್ಲಿಗೂ 42ರ ಬಿಲ್ಲಿಗೂ ಅಂಥ ವ್ಯತ್ಯಾಸವೇನಿಲ್ಲ ಎನ್ನುವುದು ಆಕಾರದಲ್ಲೇ ಕಾಣುತ್ತದೆ. ಆದರೆ ತುದಿಯಲ್ಲಿ ಎಷ್ಟು ಬಿಲ್ಲುಗಳಿವೆ ಎಂದು ಎಣಿಸಲು ಬಾಕ್ಸ್ ಪ್ಲಾಟೇ ಬೇಕು. ಪಿಟೀಲಿನ ಒಳಗೆ ಕಾಣುವ ಪುಟ್ಟ ಪೆಟ್ಟಿಗೆಯಲ್ಲೂ ಆ ಚುಕ್ಕಿಗಳು ಇರುವುದಿಲ್ಲ.

ಕೆಳತುದಿ ನೋಡಲು ಮರೆಯಬೇಡಿ

ಚಿತ್ರದ ಬುಡಕ್ಕೆ ಬನ್ನಿ. ಪಿಟೀಲು ಸೊನ್ನೆಯನ್ನೂ ದಾಟಿ ಸುಮಾರು ಮೈನಸ್ 3ರವರೆಗೆ ಇಳಿದಿದೆ! ಊಟ ಮಾಡಿದ್ದಕ್ಕೆ ಹೋಟೆಲಿನವರೇ ದುಡ್ಡು ಕೊಟ್ಟರೇ?

ಪಿಟೀಲು ಇದ್ದ ಬಿಲ್ಲುಗಳ ಚಿತ್ರವಲ್ಲ, ಅವುಗಳಿಂದ ಮಾಡಿದ ಅಂದಾಜು. ಪ್ರತಿ ಬಿಲ್ಲಿನ ಮೇಲೂ ಒಂದೊಂದು ಸಣ್ಣ ಗುಡ್ಡ ಇಟ್ಟು, ಎಲ್ಲವನ್ನೂ ಕೂಡಿ ನಯಗೊಳಿಸಿದರೆ ಈ ಆಕಾರ. ಗುಡ್ಡದ ಅಗಲಕ್ಕೆ ಬ್ಯಾಂಡ್‌ವಿಡ್ತ್ ಎನ್ನುತ್ತಾರೆ, ಇಲ್ಲಿ ಅದು ಸುಮಾರು 3 ಡಾಲರ್. ಈ ಚಿತ್ರ ಬಿಡಿಸುವ ಸೀಬಾರ್ನ್ ಲೈಬ್ರರಿ ತಾನಾಗಿಯೇ ಎರಡೂ ತುದಿಯ ಬಿಲ್ಲುಗಳಿಂದ ಎರಡು ಬ್ಯಾಂಡ್‌ವಿಡ್ತ್ ಆಚೆಗೂ ಗೆರೆ ಎಳೆಯುತ್ತದೆ. 3.07ರಲ್ಲಿ 6 ಕಳೆದರೆ ಸೊನ್ನೆಯ ಕೆಳಗೇ ಹೋಯಿತು. ಮೇಲುಗಡೆ ಹಾಗೆಯೇ 57ರ ಹತ್ತಿರಕ್ಕೆ ಹೋಗಿದೆ, ಅಂಥ ಬಿಲ್ಲು ಪಟ್ಟಿಯಲ್ಲಿ ಇಲ್ಲವೇ ಇಲ್ಲ.

```python
sns.violinplot(y=t["total_bill"], cut=0, inner="quart")
```

`cut=0` ಎಂದರೆ ಪಿಟೀಲು ನಿಜವಾದ ಬಿಲ್ಲುಗಳ ಮಿತಿಯಲ್ಲೇ ನಿಲ್ಲುತ್ತದೆ. `inner="quart"` ಮಧ್ಯಾಂಕದಲ್ಲೂ ಎರಡು ಚತುರ್ಥಕಗಳಲ್ಲೂ, ಅಂದರೆ ಪೆಟ್ಟಿಗೆಯ ಅಂಚುಗಳಿದ್ದಲ್ಲೂ, ಗೆರೆ ಹಾಕುತ್ತದೆ. ಪೆಟ್ಟಿಗೆಯ ಅಂಚುಗಳನ್ನೂ ಹೊಟ್ಟೆಯನ್ನೂ ಆಗ ಒಂದೇ ಚಿತ್ರದಲ್ಲಿ ಓದಬಹುದು.

ಇನ್ನು ಪಿಟೀಲಿನಲ್ಲಿ ಎರಡು ಹೊಟ್ಟೆ ಕಂಡರೆ ತಕ್ಷಣ ನಂಬಬೇಡಿ. ಬ್ಯಾಂಡ್‌ವಿಡ್ತ್ ಅರ್ಧಕ್ಕಿಳಿಸುವ `bw_adjust=0.5` ಕೊಟ್ಟು ಮತ್ತೆ ಬಿಡಿಸಿ, ಆಮೇಲೆ 1.5 ಕೊಟ್ಟು ಇನ್ನೊಮ್ಮೆ. ಮೂರರಲ್ಲೂ ಉಳಿದ ಹೊಟ್ಟೆಗೆ ಕಾರಣ ಹುಡುಕಬಹುದು, ಒಂದರಲ್ಲಿ ಮಾತ್ರ ಬಂದದ್ದು ನಯಗೊಳಿಸುವಿಕೆಯ ಆಟ ಇರಬಹುದು. ಹದಿನೈದೋ ಇಪ್ಪತ್ತೋ ಬಿಲ್ಲುಗಳಷ್ಟೇ ಇದ್ದಾಗಲೂ ಪಿಟೀಲು ಇಷ್ಟೇ ನಯವಾಗಿ ಬರುತ್ತದೆ. ಆಗ ಎರಡೂ ಪ್ಲಾಟ್ ಬಿಟ್ಟು, `sns.stripplot` ಬಳಸಿ ಬಿಲ್ಲುಗಳನ್ನು ಒಂದೊಂದಾಗಿ ಚುಕ್ಕಿ ಹಾಕಿ ತೋರಿಸಿ.